22% ತೆರಿಗೆಗೆ ಹೋದ ಸಣ್ಣ ಕಂಪನಿಗೂ ಸರ್ಚಾರ್ಜ್ ಬೀಳುತ್ತದೆಯೇ?

ಮಂಜುನಾಥ: ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. 2024-25ರಲ್ಲಿ ತೆರಿಗೆಗೆ ಒಳಪಡುವ ಲಾಭ 48 ಲಕ್ಷ. ಆದಾಯ ತೆರಿಗೆ ಕಾಯ್ದೆಯ 115ಬಿಎಎ ಅಡಿಯ 22% ದರಕ್ಕೆ ಹೋಗೋಣ ಅಂತಿದ್ದೇವೆ, ಇದೇ ಮೊದಲ ಸಲ. ನನ್ನ ಲೆಕ್ಕಕ್ಕೆ 10,98,240 ಬಂತು, ಮುಂಗಡ ತೆರಿಗೆಯನ್ನೂ ಅಷ್ಟೇ ಕಟ್ಟಿದ್ದೇವೆ. ಆಡಿಟರ್ 12,08,060 ಅಂತಾರೆ. ಒಂದು ಲಕ್ಷಕ್ಕಿಂತ ಜಾಸ್ತಿ ವ್ಯತ್ಯಾಸ. ಯಾರದು ಸರಿ?

ಪ್ರಕಾಶ: ನಿಮ್ಮದೇ ಸರಿ. ಲಾಭ ಒಂದು ಕೋಟಿ ದಾಟದಿದ್ದರೆ ಕಂಪನಿಗೆ ಸರ್ಚಾರ್ಜ್ ಇಲ್ಲ. ಒಂದರಿಂದ ಹತ್ತು ಕೋಟಿವರೆಗೆ 7%, ಅದರ ಮೇಲೆ 12%. ನಾನು ನಾಲ್ಕೈದು ಕಂಪನಿಗಳ ಲೆಕ್ಕ ನೋಡ್ತೀನಿ, ಯಾವುದಕ್ಕೂ ಸರ್ಚಾರ್ಜ್ ಹಾಕಿಲ್ಲ. ನಿಮ್ಮ ಆಡಿಟರ್ ಅವಸರದಲ್ಲಿ ತಪ್ಪಿರಬೇಕು.

ಶೈಲಜಾ: ಪ್ರಕಾಶ್ ಅವರೇ, ನೀವು ಹೇಳಿದ್ದು ಮಾಮೂಲಿ ದರದ ಕಂಪನಿಗಳಿಗೆ ಸರಿ. ನಿಮ್ಮ ಕಂಪನಿಗಳು ಬಹುಶಃ 25%ನಲ್ಲೇ ಇವೆ. 115ಬಿಎಎಗೆ ಬಂದರೆ ಆ ಮೆಟ್ಟಿಲುಗಳೇ ಇಲ್ಲ. ಲಾಭ ಒಂದು ಲಕ್ಷ ಇರಲಿ, ನೂರು ಕೋಟಿ ಇರಲಿ, ಸರ್ಚಾರ್ಜ್ 10%. ಆಡಿಟರ್ ಸರಿಯಾಗಿಯೇ ಹೇಳಿದ್ದಾರೆ.

ಮಂಜುನಾಥ್ ಅವರೇ, ಹೀಗೆ ನೋಡಿ. 48 ಲಕ್ಷಕ್ಕೆ 22% ಅಂದ್ರೆ 10,56,000. ಆ ತೆರಿಗೆಯ ಮೇಲೆ 10% ಸರ್ಚಾರ್ಜ್, 1,05,600. ಎರಡೂ ಕೂಡಿದರೆ 11,61,600. ಸೆಸ್ 4% ಹಾಕಬೇಕಾದ್ದು ಈ ಮೊತ್ತದ ಮೇಲೆ, ಬರೀ ತೆರಿಗೆಯ ಮೇಲಲ್ಲ. ಅದು 46,464. ಒಟ್ಟು 12,08,064. ಕೊನೆಗೆ ಹತ್ತು ರೂಪಾಯಿಗೆ ಸರಿ ಮಾಡಿದರೆ 12,08,060. ನೀವು ಸರ್ಚಾರ್ಜ್ ಬಿಟ್ಟು ಸೀದಾ ಸೆಸ್ ಹಾಕಿದ್ದೀರಿ, ಅಲ್ವಾ?

ಬೇಗ ತಾಳೆ ನೋಡಬೇಕಾದರೆ ಲಾಭವನ್ನು 25.168%ರಿಂದ ಗುಣಿಸಿ. ಈ ದರದಲ್ಲಿರುವ ಕಂಪನಿಯ ಮಾಮೂಲಿ ವ್ಯಾಪಾರದ ಲಾಭಕ್ಕೆ ಉತ್ತರ ಬೇರೆ ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಪ್ರಕಾಶ: ಹೋಗಲಿ, ಒಪ್ಪಿದೆ. ಹಾಗಾದರೆ ಈ ರಿಯಾಯಿತಿಯಲ್ಲಿ ಸಣ್ಣ ಕಂಪನಿಗೆ ಸಿಗೋದು ಏನು? ಮಾಮೂಲಿ 25%, ಸರ್ಚಾರ್ಜ್ ಇಲ್ಲ, ಸೆಸ್ ಸೇರಿ 26%. ಇಲ್ಲಿ 25.168%. 48 ಲಕ್ಷಕ್ಕೆ ಅಲ್ಲಿ 12,48,000, ಇಲ್ಲಿ 12,08,060. ನಲವತ್ತು ಸಾವಿರವೂ ಪೂರ್ತಿ ಉಳಿಯಲ್ಲ. 22% ಅಂತ ದೊಡ್ಡದಾಗಿ ಹೇಳ್ತಾರೆ!

ಗುರುರಾಜ: ನಮ್ಮದು ಎಲ್‌ಎಲ್‌ಪಿ, ಲಾಭ ಸುಮಾರು 30 ಲಕ್ಷ. ನಾವೂ 22% ಹಾಕಿಕೊಳ್ಳಬಹುದಾ? ಸರಿಹೋಗದಿದ್ದರೆ ಮುಂದಿನ ವರ್ಷ ಹಳೆ ಪದ್ಧತಿಗೆ ವಾಪಸ್ ಹೋದರಾಯಿತು. ನನ್ನ ಹೆಂಡತಿ ಸಂಬಳಕ್ಕೆ ಪ್ರತಿ ವರ್ಷ ಹಾಗೇ ಮಾಡ್ತಾಳೆ.

ಶೈಲಜಾ: ಎಲ್‌ಎಲ್‌ಪಿಗೆ ಇದು ಸಿಗಲ್ಲ ಸರ್, ದೇಶೀಯ ಕಂಪನಿಗೆ ಮಾತ್ರ. ನಿಮಗೆ 30%, ಅದರ ಮೇಲೆ ಸೆಸ್. ಸಂಬಳದವರ ಹೊಸ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ಕಂಪನಿ ಒಮ್ಮೆ ಇದಕ್ಕೆ ಬಂದರೆ ವಾಪಸ್ ಹೋಗುವ ದಾರಿ ಇಲ್ಲ. ಪ್ರಕಾಶ್ ಅವರ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನಲವತ್ತು ಸಾವಿರ ಉಳಿಯುತ್ತೆ ಅಂತ ಸುಮ್ನೆ ಬರಬಾರದು. ಬಿಟ್ಟುಕೊಡೋದು ಏನು ಅಂತ ಮೊದಲು ನೋಡಬೇಕು.

26% ಮತ್ತು 25.168%ರ ನಡುವಿನ ಅಂತರ ತೀರಾ ಚಿಕ್ಕದು. ಹಾಗಾಗಿ ಈ ದರಕ್ಕೆ ಬಂದು ನೀವು ಕಳೆದುಕೊಳ್ಳುವ ಕಡಿತ ಲಾಭದ 3.2% ದಾಟಿದರೆ ಹಳೆಯದೇ ಅಗ್ಗ. 48 ಲಕ್ಷಕ್ಕೆ ಅದು 1,53,600. ಲಾಭ ಒಂದು ಕೋಟಿ ದಾಟಿದವರಿಗೆ ಕಥೆ ಬೇರೆ. ಅಲ್ಲಿ ಮಾಮೂಲಿ ದರ ಸರ್ಚಾರ್ಜ್ ಸೇರಿ 27.82%, ಆಗ ಇದು ನಿಜಕ್ಕೂ ರಿಯಾಯಿತಿ ಅನ್ನಿಸುತ್ತೆ.

ಮಂಜುನಾಥ್ ಅವರೇ, ಆ ವರ್ಷ ಹೊಸ ಯಂತ್ರ ಏನಾದರೂ ಹಾಕಿದ್ದೀರಾ?

ಮಂಜುನಾಥ: ಹೌದು ಮೇಡಂ, 10 ಲಕ್ಷದ ಒಂದು ಪಂಚಿಂಗ್ ಯಂತ್ರ. ಮಾಮೂಲಿ ಸವಕಳಿ ತೆಗೆದ ಮೇಲೆಯೇ ಈ 48 ಲಕ್ಷ.

ಶೈಲಜಾ: ಹಾಗಾದರೆ ಲೆಕ್ಕ ಬದಲಾಗುತ್ತೆ. ತಯಾರಿಕೆ ಮಾಡುವವರಿಗೆ ಹೊಸ ಯಂತ್ರದ ಮೇಲೆ 20% ಹೆಚ್ಚುವರಿ ಸವಕಳಿ ಸಿಗುತ್ತೆ, ಆದರೆ 115ಬಿಎಎಗೆ ಬಂದರೆ ಅದು ಇಲ್ಲ. ಹಳೆಯದರಲ್ಲೇ ಇದ್ದರೆ 2 ಲಕ್ಷ ಕಳೆದು 46 ಲಕ್ಷಕ್ಕೆ 26%, ಅಂದರೆ 11,96,000. ಹೊಸ ದರಕ್ಕಿಂತ 12,060 ಕಡಿಮೆ. ಅಂದರೆ ಈ ಒಂದು ಯಂತ್ರ ಸಾಕು, ಲಾಭ ಯಾವ ಕಡೆ ಅನ್ನೋದು ತಿರುಗಿಬಿಡುತ್ತೆ.

ಫಾತಿಮಾ: ಒಂದು ಮಾತು ಸೇರಿಸ್ತೀನಿ. ಆ 2 ಲಕ್ಷ ಶಾಶ್ವತ ಉಳಿತಾಯವಲ್ಲ. ಯಂತ್ರದ ಪುಸ್ತಕ ಬೆಲೆ ಅಷ್ಟು ಬೇಗ ಇಳಿಯುತ್ತೆ, ಮುಂದಿನ ವರ್ಷಗಳಲ್ಲಿ ಮಾಮೂಲಿ ಸವಕಳಿ ಕಡಿಮೆ ಸಿಗುತ್ತೆ. ಬರೀ ತೆರಿಗೆ ಮುಂದಕ್ಕೆ ಹೋಗುತ್ತೆ. ದರ ಕಡಿಮೆ ಇರೋದು ಮಾತ್ರ ಪ್ರತಿ ವರ್ಷವೂ ಸಿಗುವ ಲಾಭ. 12,060 ನೋಡಿ ನಿರ್ಧಾರ ಮಾಡಬೇಡಿ.

ನಮ್ಮ ಕಂಪನಿಯಲ್ಲಿ ಆದದ್ದು ಬೇರೆ. ಲೆಕ್ಕವೆಲ್ಲ ಸರಿ, ರಿಟರ್ನ್ ಕೂಡ ಸಮಯಕ್ಕೆ ಹೋಯಿತು. ಆದರೆ ಈ ದರ ಬೇಕು ಅಂತ ತಿಳಿಸುವ ಫಾರ್ಮ್ 10-ಐಸಿ ಸಲ್ಲಿಸುವುದನ್ನೇ ಆಗಿನ ನಮ್ಮ ಸಲಹೆಗಾರರು ಮರೆತರು. ರಿಟರ್ನ್‌ನಲ್ಲಿ ಟಿಕ್ ಹಾಕಿದರೆ ಸಾಕು ಅಂದುಕೊಂಡಿದ್ದರಂತೆ. ಕೆಲವು ತಿಂಗಳ ಮೇಲೆ ಮಾಮೂಲಿ ದರದಲ್ಲಿ ಲೆಕ್ಕ ಹಾಕಿ ನೋಟಿಸ್ ಬಂತು.

ಶೈಲಜಾ: ಇದು ತುಂಬಾ ಜನರಿಗೆ ಆಗಿದೆ. ರಿಟರ್ನ್‌ನ ಕೊನೆ ದಿನದೊಳಗೆ ಆ ಫಾರ್ಮ್ ಪೋರ್ಟಲ್‌ನಲ್ಲಿ ಹೋಗಿರಬೇಕು. ಮೊದಲ ವರ್ಷ ಇಷ್ಟೊಂದು ಜನ ತಪ್ಪಿಸಿಕೊಂಡರು ಅಂತ 2022ರಲ್ಲಿ ಸಿಬಿಡಿಟಿ ಸುತ್ತೋಲೆ ಹೊರಡಿಸಿ ಆ ವರ್ಷದ ತಡವನ್ನು ಮನ್ನಿಸಿತು. ಅದನ್ನೇ ನಂಬಿ ಕೂರಬಾರದು. ಒಮ್ಮೆ ಸಲ್ಲಿಸಿದರೆ ಸಾಕು, ಪ್ರತಿ ವರ್ಷ ಬೇಡ.

ಮಂಜುನಾಥ: ಮುಂಗಡ ತೆರಿಗೆ 1,09,824 ಕಡಿಮೆ ಕಟ್ಟಿದ್ದಕ್ಕೆ ಬಡ್ಡಿ ಎಷ್ಟಾಗಬಹುದು? ಟಿಡಿಎಸ್ ಏನೂ ಇಲ್ಲ. ನಾಲ್ಕು ಕಂತೂ ಸಮಯಕ್ಕೆ ಕಟ್ಟಿದ್ದೇವೆ, ನನ್ನ ಲೆಕ್ಕದ ಪ್ರಕಾರ.

ಶೈಲಜಾ: ಹೆದರಬೇಡಿ. ಒಟ್ಟು ತೆರಿಗೆಯ 90% ದಾಟಿದ್ದೀರಿ, ಹಾಗಾಗಿ 234ಬಿ ಬಡ್ಡಿ ಇಲ್ಲ. 234ಸಿ ಅಡಿ ಜೂನ್, ಸೆಪ್ಟೆಂಬರ್ ಕಂತುಗಳಿಗೆ ಸ್ವಲ್ಪ ಸಡಿಲಿಕೆ ಇದೆ, ನೀವು ಅದರೊಳಗೇ ಇದ್ದೀರಿ. ಡಿಸೆಂಬರ್ ಕಂತಿನ ಕೊರತೆಗೆ ಮೂರು ತಿಂಗಳು, ಮಾರ್ಚ್‌ನದಕ್ಕೆ ಒಂದು ತಿಂಗಳು. ಎರಡೂ ಸೇರಿ ಮೂರೂವರೆ ಸಾವಿರದ ಆಸುಪಾಸು. ಬಾಕಿ ತೆರಿಗೆಯ ಜೊತೆಗೇ ಕಟ್ಟಿ, ಆಮೇಲೆ ರಿಟರ್ನ್ ಸಲ್ಲಿಸಿ.

ಒಂದು ಕೇಳೋದು ಬಿಟ್ಟಿತ್ತು. ಯಂತ್ರ ಕೆಲಸ ಶುರು ಮಾಡಿದ್ದು ಯಾವಾಗ?

ಮಂಜುನಾಥ: ಬಿಲ್ ಆಗಸ್ಟ್‌ದು. ಆದರೆ ಕರೆಂಟ್ ಲೈನ್ ಸಿಗೋದು ತಡವಾಗಿ ಓಡಿದ್ದು ನವೆಂಬರ್‌ನಲ್ಲಿ.

ಶೈಲಜಾ: ಅಯ್ಯೋ, ಹಾಗಾದರೆ ಆ ವರ್ಷ ಯಂತ್ರ ಬಳಸಿದ್ದು 180 ದಿನ ಆಗಿಲ್ಲ. ಬಿಲ್ ತಾರೀಕು ಲೆಕ್ಕಕ್ಕಿಲ್ಲ, ಬಳಕೆಗೆ ಬಂದ ದಿನವೇ ಮುಖ್ಯ. ಈ ವರ್ಷ ಅರ್ಧ, ಅಂದರೆ 1 ಲಕ್ಷ ಮಾತ್ರ. ಉಳಿದ ಅರ್ಧ ಮುಂದಿನ ವರ್ಷ. 47 ಲಕ್ಷಕ್ಕೆ 26% ಅಂದರೆ 12,22,000. ಈಗ ಹೊಸ ದರವೇ 13,940 ಅಗ್ಗ.

ಪ್ರಕಾಶ: ಆದರೆ ಈ ವರ್ಷವೇ ಹೋದರೆ ಉಳಿದ 1 ಲಕ್ಷವೂ ಕೈತಪ್ಪುತ್ತೆ. ಎರಡು ವರ್ಷ ಹಿಡಿದು ನೋಡಿ. ಮುಂದಿನ ವರ್ಷ ಇನ್ನೊಂದು ಯಂತ್ರ ತರೋರಿದ್ದರೆ ನಾನಂತೂ ಕಾಯ್ತೀನಿ. ಹೋಗೋದಕ್ಕೆ ಮುಂದಿನ ವರ್ಷವೂ ಬಾಗಿಲು ತೆರೆದಿರುತ್ತೆ, ವಾಪಸ್ ಬರೋದಕ್ಕೆ ಮಾತ್ರ ಇಲ್ಲ.

ಫಾತಿಮಾ: ಎರಡು ವರ್ಷ ಹಿಡಿದರೂ ಆ 2 ಲಕ್ಷ ಮುಂದಕ್ಕೆ ಹೋದ ತೆರಿಗೆಯೇ. ಪ್ರತಿ ವರ್ಷ ಹೊಸ ಯಂತ್ರ ತರದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಮಂಜುನಾಥ: ಇನ್ನೊಂದು ಯಂತ್ರದ ಕೊಟೇಶನ್ ಬಂದಿದೆ, ಬ್ಯಾಂಕ್ ಸಾಲ ಇನ್ನೂ ಆಗಿಲ್ಲ. 10-ಐಸಿ ಸಲ್ಲಿಸದೆ ಇಟ್ಟುಕೊಂಡು ಆಡಿಟರ್ ಹತ್ತಿರ ಮೊದಲು ಈ ಎರಡೂ ಲೆಕ್ಕ ಮಾಡಿಸ್ತೀನಿ.