ಒಂದೇ ಬಾಗಿಲು ಲಾಕ್ ಆಗದಿದ್ದರೆ: ಕೆಟ್ಟಿರುವುದು ಆಕ್ಚುಯೇಟರೋ, ರಬ್ಬರ್ ಬೂಟಿನೊಳಗಿನ ವೈರೋ?

ಪ್ರಶ್ನೆ: ರಿಮೋಟ್ ಒತ್ತಿದಾಗ ನನ್ನ ಕಾರಿನ ಮುಂದಿನ ಎಡ ಬಾಗಿಲು ಮಾತ್ರ ಲಾಕ್ ಆಗುತ್ತಿಲ್ಲ. ಬಾಗಿಲನ್ನು ಅರ್ಧ ತೆರೆದು ಹಿಡಿದರೆ ಕೆಲವೊಮ್ಮೆ ಆಗುತ್ತದೆ. ಲಾಕನ್ನು ನಡೆಸುವ ಮೋಟಾರಾದ ಆಕ್ಚುಯೇಟರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ, ರಿಮೋಟ್ ಒತ್ತಿದ ಕ್ಷಣದಲ್ಲಿ 12 ವೋಲ್ಟ್ ಕಾಣುತ್ತದೆ. ಆಕ್ಚುಯೇಟರ್ ಬದಲಿಸಬೇಕೇ?

ಒಬ್ಬ ಸದಸ್ಯರು: ಉಳಿದ ಬಾಗಿಲುಗಳು ಕೆಲಸ ಮಾಡುತ್ತಿರುವುದರಿಂದ ಫ್ಯೂಸ್ ಸರಿಯಿದೆ. 12 ವೋಲ್ಟ್ ಬರುತ್ತಿದೆಯೆಂದ ಮೇಲೆ ವೈರಿಂಗ್ ಕೂಡ ಸರಿಯಿದೆ. ಆಕ್ಚುಯೇಟರ್ ಬದಲಿಸಿ.

ಆಟೋ ಎಲೆಕ್ಟ್ರಿಷಿಯನ್: ಫ್ಯೂಸಿನ ಮಾತು ಸರಿ, ವೈರಿಂಗಿನ ಮಾತನ್ನು ನಾನು ಒಪ್ಪುವುದಿಲ್ಲ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೆರಡು ಮಾತ್ರ ಉಳಿದಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ಮೀಟರಿಗೆ ಬೇಕಾಗುವ ಕರೆಂಟ್ ಅತ್ಯಲ್ಪ. ಮೋಟಾರ್ ಎಳೆಯಲು ಹೊರಟ ಕೂಡಲೇ ಆ ವೋಲ್ಟೇಜ್ ಕುಸಿದುಬಿಡುತ್ತದೆ. ಬಾಗಿಲಿನ ಕೋನ ಬದಲಾದಾಗ ಲಾಕ್ ಆಗುತ್ತದೆ ಎಂಬ ನಿಮ್ಮ ಮಾತೇ ನನ್ನ ಅನುಮಾನವನ್ನು ಬಾಗಿಲಿಗೂ ಅದರ ಕೀಲುಗಳಿರುವ ಕಂಬಕ್ಕೂ ನಡುವೆ ವೈರುಗಳು ಹಾದುಹೋಗುವ ರಬ್ಬರ್ ಬೂಟಿನ ಕಡೆಗೆ ತಿರುಗಿಸುತ್ತದೆ.

ಕನೆಕ್ಟರಿನಲ್ಲಿ ಮೋಟಾರಿಗೆ ಹೋಗುವ ಎರಡು ವೈರುಗಳ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಜೋಡಿಸಿ, ಬಾಗಿಲನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿ, ಪ್ರತಿ ಬಾರಿಯೂ ಲಾಕ್ ಮತ್ತು ಅನ್‌ಲಾಕ್ ಎರಡನ್ನೂ ಒತ್ತಿ ನೋಡಿ. ಬಲ್ಬ್ ಎಲ್ಲ ಕೋನದಲ್ಲೂ ಪ್ರಖರವಾಗಿ ಮಿನುಗಿದರೆ ವೈರು ಸರಿಯಿದೆ, ಆಕ್ಚುಯೇಟರನ್ನೇ ಬದಲಿಸಬೇಕು. ಮಂಕಾದರೆ ಅಥವಾ ಹತ್ತದಿದ್ದರೆ ಬೂಟ್ ಬಿಚ್ಚಿ. ಕನೆಕ್ಟರಿನಲ್ಲಿ ಹೆಚ್ಚು ಪಿನ್‌ಗಳಿದ್ದರೆ ಉಳಿದವು ಸ್ವಿಚ್ಚಿನವು. ಅವುಗಳಿಗೆ ಬಲ್ಬ್ ತಾಗಿಸಬೇಡಿ.

ಬೂಟ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಸೆನ್ಸರಿನ ವೈರುಗಳೂ ಇಲ್ಲಿಂದಲೇ ಹೋಗುತ್ತವೆ, ಅವನ್ನು ಮುಟ್ಟಬೇಡಿ. ಉಳಿದ ವೈರುಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳಗಿನ ತಾಮ್ರ ತುಂಡಾದ ಕಡೆ ಹೊರಗಿನ ಪ್ಲಾಸ್ಟಿಕ್ ಮಾತ್ರ ರಬ್ಬರಿನಂತೆ ಹಿಗ್ಗುತ್ತದೆ. ಹೊರಗೆ ಬಿರುಕು ಕಾಣಲೇಬೇಕೆಂದಿಲ್ಲ.

ಮುರಿದ ಜಾಗದಲ್ಲಿಯೇ ಜೋಡಿಸಬೇಡಿ. ಬಾಗುವ ಭಾಗವನ್ನು ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ, ನವಿರಾದ ಎಳೆಗಳ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಹಾಕಿ, ಜೋಡಣೆಗಳು ಬಾಗಿಲಿನ ಒಳಗೆ ಮತ್ತು ಕಂಬದ ಒಳಗೆ ಬರುವಂತೆ ಲೋಹದ ತೋಳಿನಲ್ಲಿ ಒತ್ತಿ ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ಬೆಸುಗೆ ಹಾಕಿದರೆ ವೈರು ಗಡುಸಾಗಿ, ಬೆಸುಗೆ ಮುಗಿಯುವಲ್ಲಿ ಮತ್ತೆ ಮುರಿಯುತ್ತದೆ.

ಮತ್ತೊಬ್ಬರು: ನಾನು ಬೆಸುಗೆಯನ್ನೇ ಹಾಕಿಸಿದ್ದೇನೆ, ಈವರೆಗೂ ತೊಂದರೆಯಾಗಿಲ್ಲ. ಆದರೆ ಈಗ ಎಲ್ಲ ಬಾಗಿಲುಗಳೂ ಲಾಕ್ ಆದ ತಕ್ಷಣ ತೆರೆದುಕೊಳ್ಳುತ್ತಿವೆ. ನಾನೂ ಬೂಟ್ ಬಿಚ್ಚಿಸಬೇಕೇ?

ಆಟೋ ಎಲೆಕ್ಟ್ರಿಷಿಯನ್: ಬೆಸುಗೆ ಬಾಗದ ಜಾಗದಲ್ಲಿದ್ದರೆ ಬಾಳಬಹುದು, ಆದರೂ ನಾನು ಹಾಕುವುದಿಲ್ಲ. ನಿಮ್ಮ ತೊಂದರೆ ಬೇರೆ. ಚಾಲಕನ ಬಾಗಿಲಿನ ಲಾಕ್ ಪೂರ್ತಿ ಬಿದ್ದಿದೆಯೆಂದು ತಿಳಿಸುವ ಸ್ವಿಚ್ಚಿನ ಮೇಲೆ ನನಗೆ ಮೊದಲ ಅನುಮಾನ. ಅದರ ವೈರುಗಳೂ ಆ ಬಾಗಿಲಿನ ಬೂಟಿನೊಳಗೇ ಹೋಗುವುದರಿಂದ, ನೋಡದೆ ಯಾವುದನ್ನೂ ಖಚಿತವಾಗಿ ಹೇಳಲಾರೆ.

ಪ್ರಶ್ನೆ ಕೇಳಿದವರು: ಬಾಗಿಲು ಮುಚ್ಚಿದ್ದಾಗ ಬಲ್ಬ್ ಹತ್ತಲೇ ಇಲ್ಲ, ಅರ್ಧ ತೆರೆದಾಗ ಮಂಕಾಗಿ ಮಿನುಗಿತು. ಬೂಟಿನೊಳಗೆ ಒಂದು ವೈರು ಎಳೆದಾಗ ಹಿಗ್ಗಿತು. ಅದೇ ಬಾಗಿಲಿನ ಕಿಟಕಿಯ ಗಾಜು ನಿಧಾನವಾಗಿ ಏರುವುದಕ್ಕೂ ಇದೇ ಕಾರಣವಿರಬಹುದೇ?

ಆಟೋ ಎಲೆಕ್ಟ್ರಿಷಿಯನ್: ಇರಬಹುದು. ಕಿಟಕಿ ಮೋಟಾರಿನ ದಪ್ಪ ವೈರುಗಳನ್ನೂ ಹಾಗೆಯೇ ಎಳೆದು ನೋಡಿ. ಅವು ಗಟ್ಟಿಯಾಗಿದ್ದರೆ ಗಾಜು ಜಾರುವ ಚಾನೆಲನ್ನು ಪರೀಕ್ಷಿಸಬೇಕಾಗುತ್ತದೆ.