ಪದಚರ್ಚೆ: ‘ಗಟ್ಟಿ ಹಿತ್ತಾಳೆ’ ಅಂದ್ರೆ ಯಾವ ಗಟ್ಟಿ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಬೆಂಗಳೂರಿನ ಒಂದು ಪಾತ್ರೆ ಅಂಗಡಿಯಲ್ಲಿ ಒಂದು ಜೊತೆ ಕಾಲುದೀಪ ಕೊಂಡೆ. ಮಾರಿದ್ದು ಕಿಲೋ ಲೆಕ್ಕದಲ್ಲಿ. ಅಂಗಡಿಯವರು ನಾಲ್ಕು ಸಲ ‘ಗಟ್ಟಿ ಹಿತ್ತಾಳೆ ಮೇಡಂ’ ಅಂದರು. ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಗಟ್ಟಿ ಹಾಲು ಅಂದರೆ ನೀರು ಬೆರೆಸದ್ದು. ಗಟ್ಟಿಯಾಗಿ ಮಾತಾಡು ಅಂದರೆ ಜೋರಾಗಿ. ಗಟ್ಟಿ ಗೋಡೆ ಅಂದರೆ ಬಲವಾದದ್ದು. ಹಿತ್ತಾಳೆಗೆ ಇದರಲ್ಲಿ ಯಾವ ಅರ್ಥ? ದೀಪವನ್ನು ಬೆರಳಲ್ಲಿ ಬಡಿದರೆ ‘ಡಬ್’ ಅನ್ನುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

*

ನಿಮ್ಮ ಮೂರೂ ಅರ್ಥ ಸರಿಯೇ ಮೇಡಂ. ಅಸಲಿ ಲೋಹ ಗಟ್ಟಿಯಾಗಿ ಕೂಗುತ್ತದೆ, ಕಂಚಿನ ಕಂಠ ಅನ್ನೋದು ಸುಮ್ನೆ ಅಲ್ಲ. ಹಿತ್ತಾಳೆ, ತಾಮ್ರ ಯಾವುದೇ ಇರಲಿ, ಠಣ್ ಅನ್ನದಿದ್ದರೆ ನಕಲಿ. ವಾಪಸ್ ಕೊಡಿ.

*

ಮೇಲಿನವರು ಅರ್ಧ ಸರಿ. ನಮ್ಮ ತಂದೆ ಪಾತ್ರೆ ವ್ಯಾಪಾರ ಮಾಡುತ್ತಿದ್ದರು, ನಾನೂ ಹತ್ತು ವರ್ಷ ತಕ್ಕಡಿ ಹಿಡಿದವನು. ತುಂಬ ಹೊತ್ತು ದನಿ ಎಳೆಯುವುದು ಕಂಚು, ಅದರಲ್ಲಿ ತವರ ಇರುತ್ತದೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇರುತ್ತದೆ, ಅದರ ದನಿ ಕಂಚಿನಷ್ಟು ನಿಲ್ಲುವುದಿಲ್ಲ. ತಾಮ್ರ ಇನ್ನೂ ಮೆತ್ತಗೆ. ಅಪ್ಪಟ ತಾಮ್ರದ ಚೊಂಬೂ ಮಂದವಾಗಿಯೇ ಕೇಳಿಸಬಹುದು. ಇನ್ನು, ಮೇಜಿನ ಮೇಲಿಟ್ಟು ಬಡಿದರೆ ಯಾವುದೂ ಕೂಗುವುದಿಲ್ಲ. ದಾರ ಕಟ್ಟಿ ತೂಗಿಬಿಟ್ಟು ಮರದ ಸೌಟಿನಿಂದ ತಟ್ಟಬೇಕು. ಕಾಲುದೀಪವೋ ತುಂಡು ತುಂಡಾಗಿ ತಿರುಪು ಹಾಕಿ ಕೂಡಿಸಿದ್ದು. ಇಡೀ ದೀಪವನ್ನು ಬಡಿದು ಏನೂ ಹೇಳಲಾಗದು, ಬಿಚ್ಚಿ ನೋಡಿ.

ಪದದ ವಿಷಯ: ಹಿತ್ತಾಳೆಯೇ ಬೆರಕೆ. ಹಾಗಾಗಿ ‘ಬೆರಕೆಯಿಲ್ಲದ್ದು’ ಎಂಬ ಅರ್ಥ ಇಲ್ಲಿ ಹೊಂದುವುದಿಲ್ಲ. ನಮ್ಮ ಅಂಗಡಿಯಲ್ಲಿ ಗಟ್ಟಿ ಅಂದರೆ ಪೊಳ್ಳಲ್ಲ ಅಂತ. ತಗಡು ಬಡಿದು ಮಾಡಿದ್ದಲ್ಲ, ತುಂಬ ಎರಕ ಹೊಯ್ದದ್ದು.

*

ಇಲ್ಲಿ ಉಡುಪಿ ಕಡೆ ನಮಗೆ ಈಗ ದೊಡ್ಡ ತಲೆನೋವು ಕಲಾಯಿ. ತಾಮ್ರದ ಕೊಪ್ಪರಿಗೆಗೆ ಕಲಾಯಿ ಹಾಕಿಸಿದೆವು, ಒಳಗೆ ಕನ್ನಡಿ ಥರ ಹೊಳೆಯಿತು. ಬಿಳಿ ಬಟ್ಟೆಯಿಂದ ಒರೆಸಿದರೆ ಕಪ್ಪು ಬರುತ್ತಿದೆ. ಇದೂ ‘ಗಟ್ಟಿ ಕಲಾಯಿ’ ಅಂತಲೇ ಹೇಳಿ ಹಾಕಿದ್ದು! ದೀಪಕ್ಕೂ ಕಲಾಯಿ ಇರುತ್ತದಾ?

*

ದೀಪಕ್ಕೆ ಕಲಾಯಿ ಯಾಕೆ ಸರ್, ಅದರಲ್ಲಿ ಹುಳಿ ಕುದಿಸುತ್ತೀರಾ? ದೀಪಕ್ಕೆ ಬಳಿಯುವುದು ಮುಲಾಮು, ಅದು ಹೊರಗಿನ ಹೊಳಪಿಗೆ. ಕಲಾಯಿ ಒಳಗಿನ ರಕ್ಷಣೆಗೆ. ಕಾಯಿಸಿದ ಪಾತ್ರೆಗೆ ನವಸಾಗರ ಉದುರಿಸಿ, ತವರ ಕರಗಿಸಿ, ಹತ್ತಿಯಿಂದ ಒರೆಸಿ ಹರಡುತ್ತಾರೆ. ಒರೆಸಿದ ಗೆರೆ ಕಾಣುತ್ತದೆ, ಹೊಳಪು ಬೆಳ್ಳಗೆ ಮೆತ್ತಗೆ ಇರುತ್ತದೆ. ಬಟ್ಟೆಗೆ ಕಪ್ಪು ಹತ್ತುವುದು ಉಳಿದ ಮಸಿಯೂ ಆಗಿರಬಹುದು, ಸೀಸ ಬೆರೆಸಿದ್ದೂ ಆಗಿರಬಹುದು. ಚೆನ್ನಾಗಿ ತೊಳೆದ ಮೇಲೂ ಬಂದರೆ ಅಡುಗೆಗೆ ಬಳಸಬೇಡಿ. ಕಪ್ಪು ಬರಲಿಲ್ಲ ಅಂದ ಮಾತ್ರಕ್ಕೆ ಸೀಸ ಇಲ್ಲ ಅಂತಲೂ ಅಲ್ಲ, ಸ್ವಲ್ಪ ಬೆರೆಸಿದ್ದರೆ ಕೈಗೆ ಸಿಗುವುದಿಲ್ಲ.

*

ಪ್ರಶ್ನೆ ಕೇಳಿದವಳು ನಾನೇ. ದೀಪ ಬಿಚ್ಚಿದೆ. ಅಯಸ್ಕಾಂತ ನಡುವಿನ ತಿರುಪಿನ ಹತ್ತಿರ ಮಾತ್ರ ಹಿಡಿಯಿತು. ತೂಕ ಹೀಗೆ ನೋಡಿದೆ: ಅಡುಗೆಮನೆಯ ತಕ್ಕಡಿ ಮೇಲೆ ನೀರಿನ ಬೋಗುಣಿ ಇಟ್ಟು ಸೊನ್ನೆ ಮಾಡಿದೆ. ಆಮೇಲೆ ಒಂದೊಂದೇ ತುಂಡನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ಪೂರ್ತಿ ಮುಳುಗಿಸಿದೆ. ಎಣ್ಣೆ ಹಾಕುವ ತಟ್ಟೆ 340 ಗ್ರಾಂ, ಮುಳುಗಿಸಿದಾಗ ತಕ್ಕಡಿ 40 ತೋರಿಸಿತು. ಭಾಗಿಸಿದರೆ 8.5, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಂಟೂವರೆ ಪಟ್ಟು ತೂಕ. ಕಂಬ 620 ಗ್ರಾಂ, ಮುಳುಗಿಸಿದಾಗ 148. ಅದು 4.2 ಬಂತು! ಒಂದೇ ದೀಪ, ಎರಡು ಲೆಕ್ಕ. ನಾನು ತಪ್ಪು ಮಾಡಿದೆನಾ?

*

ಲೆಕ್ಕ ಸರಿ. ಹಿತ್ತಾಳೆ ಸಾಮಾನ್ಯವಾಗಿ 8.4ರಿಂದ 8.7ರ ಒಳಗೆ, ತಟ್ಟೆ ಅಸಲಿ. (ಕಂಚೂ ಹೆಚ್ಚುಕಡಿಮೆ ಅಲ್ಲೇ ಬರುತ್ತದೆ, ಅವೆರಡನ್ನು ಈ ಲೆಕ್ಕ ಬೇರೆ ಮಾಡಲಾರದು.) ಕಂಬದ ಒಳಗೆ ಹಿತ್ತಾಳೆಯಲ್ಲದ್ದು ಏನೋ ಇದೆ. ಬರೀ ಗಾಳಿ ಇದ್ದರೆ ನೀವು ಕೊಟ್ಟ ದುಡ್ಡು ಹಿತ್ತಾಳೆಗೇ, ನಷ್ಟವಿಲ್ಲ. ಅರಗು ತುಂಬಿದ್ದರೆ ಅರಗಿಗೆ ಹಿತ್ತಾಳೆ ಬೆಲೆ ಕೊಟ್ಟಿದ್ದೀರಿ. ಇಲ್ಲಿ ದನಿ ಕೆಲಸಕ್ಕೆ ಬರುತ್ತದೆ. ಪೊಳ್ಳು ಕಂಬ ತೂಗಿಬಿಟ್ಟು ತಟ್ಟಿದರೆ ಡಣ್ ಅನ್ನುತ್ತದೆ, ತುಂಬಿದ್ದು ಡಬ್ ಅನ್ನುತ್ತದೆ.

*

ಡಬ್ಬೇ. ತಳದಲ್ಲಿ ಒಂದು ತೂತು ಮುಚ್ಚಿದ್ದು ಕಂಡಿತು. ಕಾದ ಮೊಳೆ ಚುಚ್ಚಿದರೆ ಕಪ್ಪಗೆ ಅಂಟು ಬಂತು, ಅರಗಿನ ವಾಸನೆ. ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ದೀಪವನ್ನು ನೆಲದ ಮೇಲಿಟ್ಟು ಒಂದು ತಳ್ಳು ತಳ್ಳಿದರು. ‘ನೋಡಿ ಮೇಡಂ, ಅಲ್ಲಾಡತ್ತಾ? ಗಟ್ಟಿ ಅಂದ್ರೆ ಇದೇ’ ಅಂದರು. ನಿಘಂಟು ಬಲ್ಲವರು ಈಗ ಹೇಳಿ, ಈ ಅರ್ಥವನ್ನು ಎಷ್ಟನೆಯದಾಗಿ ಬರೆದುಕೊಳ್ಳಲಿ?