ಸಹಾಯ ಬೇಕು: ನರ್ನ್‌ಸ್ಟ್ ಸಮೀಕರಣಕ್ಕೆ ಹಂತ ಹಂತದ ಪ್ರಶ್ನೆಗಳು

ಗೆಳೆಯರೇ, ಸೆಕೆಂಡ್ ಪಿಯು ಮಕ್ಕಳಿಗೆ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಿಂದ ಅಭ್ಯಾಸದ ಪ್ರಶ್ನೆಗಳನ್ನು ಬರೆಯುತ್ತಿದ್ದೇನೆ. ಮೊದಲನೆಯದು ಸುಲಭ: ಸತು-ತಾಮ್ರದ ಕೋಶ, E° = 1.10 V, Zn²⁺ 0.1 M, Cu²⁺ 0.01 M. ಉತ್ತರ 1.0705 V. ಸೂತ್ರಕ್ಕೆ 1 ಅಂಕ, ಬೆಲೆ ಹಾಕಿದ್ದಕ್ಕೆ 1, ಯೂನಿಟ್ ಸಮೇತ ಉತ್ತರಕ್ಕೆ 1.

ಎರಡನೆಯದರಲ್ಲಿ ತಾಮ್ರದ ಬದಲು ಬೆಳ್ಳಿ ಇಟ್ಟೆ. ಜಾಸ್ತಿ ಮಕ್ಕಳು ಅಲ್ಲೇ ಎಡವುತ್ತಾರೆ. [Ag⁺] ಅನ್ನು ವರ್ಗ ಮಾಡುವುದನ್ನೇ ಮರೆಯುತ್ತಾರೆ. ಆಮೇಲಿನ ಲೆಕ್ಕ ಸರಿಯಾಗೇ ಇರುತ್ತದೆ, ಉತ್ತರ ಮಾತ್ರ ತಪ್ಪು. ಒಂದೇ ತಪ್ಪಿಗೆ ಸೂತ್ರದ ಅಂಕ, ಉತ್ತರದ ಅಂಕ ಎರಡನ್ನೂ ಕಳೆಯುವುದು ನ್ಯಾಯವಲ್ಲ ಅನ್ನಿಸುತ್ತದೆ. ನೀವು ಹೇಗೆ ಕೊಡುತ್ತೀರಿ?

ಮೂರನೆಯದು, ಮೊದಲಿನ ಕೋಶವೇ ಪೂರ್ತಿ ಖಾಲಿಯಾದಾಗ E = 0 ಎಂದು ಹಿಡಿದು Kc ಕಂಡುಹಿಡಿಯುವುದು. ಇದಕ್ಕಿಂತ ಒಂದು ಹಂತ ಕಷ್ಟದ ಪ್ರಶ್ನೆ, ಮಾದರಿ ಉತ್ತರ ಯಾರಾದರೂ ಕೊಡುತ್ತೀರಾ?